ಮೇಲ್‌ನಲ್ಲಿ ‘ಸರ್’: ಎಷ್ಟು ಬೇಕು, ಯಾವಾಗ ಬಿಡಬೇಕು

“ಡಿಯರ್ ಸರ್, ಗುಡ್ ಮಾರ್ನಿಂಗ್ ಸರ್. ಸರ್, ನೀವು ಹೇಳಿದ ಬದಲಾವಣೆ ಮಾಡಿದ್ದೇವೆ ಸರ್. ದಯವಿಟ್ಟು ಒಮ್ಮೆ ನೋಡಿ ತಿಳಿಸಿ ಸರ್.”

ಬೆಂಗಳೂರಿನ ಸಣ್ಣ ಸಾಫ್ಟ್‌ವೇರ್ ಕಂಪನಿಗಳಿಂದ, ಡಿಸೈನ್ ಸ್ಟುಡಿಯೊಗಳಿಂದ, ಆಡಿಟರ್ ಕಚೇರಿಗಳಿಂದ ದೇಶದೊಳಗಿನ ಕ್ಲೈಂಟ್‌ಗಳಿಗೆ ಇಂಥ ಮೇಲ್‌ಗಳು ದಿನವೂ ಹೋಗುತ್ತವೆ. ಭಾಷೆ ಇಂಗ್ಲಿಷ್ ಆಗಿದ್ದರೂ ಧಾಟಿ ಇದೇ. ಎರಡು ಮೂರು ಸಾಲಿನಲ್ಲಿ ಐದು ‘ಸರ್’. ಬರೆದವರ ಮನಸ್ಸಿನಲ್ಲಿರುವುದು ಗೌರವವೇ, ಅದರಲ್ಲಿ ಅನುಮಾನವಿಲ್ಲ. ಆದರೆ ಇದು ಬರೆದ ಮೇಲ್ ಅಲ್ಲ, ಫೋನಿನಲ್ಲಿ ಆಡಿದ ಮಾತನ್ನು ಹಾಗೇ ಟೈಪ್ ಮಾಡಿದ್ದು.

ಮಾತಿನಲ್ಲಿ ‘ಸರ್’ ಹಲವು ಕೆಲಸ ಮಾಡುತ್ತದೆ. “ಹೇಳಿ ಸರ್” ಎಂದರೆ ಕೇಳಿಸಿಕೊಳ್ಳುತ್ತಿದ್ದೇನೆ ಎಂದರ್ಥ. “ಸರ್, ಒಂದ್ನಿಮಿಷ” ಎನ್ನುವುದು ಮಧ್ಯೆ ಬಾಯಿ ಹಾಕಲು ಅನುಮತಿ ಕೇಳುವ ರೀತಿ. “ಹಾಗಲ್ಲ ಸರ್” ಎಂದಾಗ ನಮ್ಮ ಭಿನ್ನಾಭಿಪ್ರಾಯ ಸ್ವಲ್ಪ ಮೆತ್ತಗಾಗುತ್ತದೆ. “ಆಯ್ತು ಸರ್” ಎಂದರೆ ಮಾತು ಮುಗಿಯಿತು. ಮೇಲ್‌ನಲ್ಲಿ ಈ ಕೆಲಸಗಳಲ್ಲಿ ಹೆಚ್ಚಿನವು ಇಲ್ಲವೇ ಇಲ್ಲ. ಮೇಲ್ ತೆರೆದವರ ಗಮನ ಆಗಲೇ ನಮ್ಮ ಮೇಲಿದೆ, ಮಧ್ಯೆ ಬಾಯಿ ಹಾಕುವ ಪ್ರಶ್ನೆಯಿಲ್ಲ, ಮಾತು ಎಲ್ಲಿ ಮುಗಿಯಿತು ಎಂಬುದನ್ನು ಪ್ಯಾರಾ ಹೇಳುತ್ತದೆ. ಉಳಿಯುವುದು ಒಂದೇ ಕೆಲಸ: ಇದು ಯಾರಿಗೆ, ಯಾವ ಸಲುಗೆಯಲ್ಲಿ ಬರೆದದ್ದು ಎಂದು ಮೊದಲ ಸಾಲಿನಲ್ಲಿ ತಿಳಿಸುವುದು. ಅದಕ್ಕೆ ಒಂದು ‘ಸರ್’ ಸಾಕು. ಕೆಳಗಿನ ನಾಲ್ಕನ್ನು ತೆಗೆದರೆ ಗೌರವ ಕಡಿಮೆಯಾಗುವುದಿಲ್ಲ. ಏನು ಬದಲಾಯಿತು, ಕ್ಲೈಂಟ್ ಏನು ನೋಡಬೇಕು ಎಂಬುದು ಮುಂದಕ್ಕೆ ಬರುತ್ತದೆ.

ಹಾಗಾದರೆ ಆ ಒಂದು ‘ಸರ್’ ಯಾರಿಗೆ ಬೇಕು, ಯಾರಿಗೆ ಬೇಡ, ಬಿಡುವುದಾದರೆ ಯಾವಾಗ? ವಿದೇಶಿ ಕ್ಲೈಂಟ್‌ಗಳ ಜತೆ ಕೆಲಸ ಮಾಡಿ ಮೊದಲ ಹೆಸರಿಗೆ ಒಗ್ಗಿಹೋದ ತರುಣರು ಎಡವುವುದು ಈ ಪ್ರಶ್ನೆಯಲ್ಲಿಯೇ.

ಹೆಸರಿನ ತೊಡಕು

ಇಂಗ್ಲಿಷ್ ಪತ್ರವ್ಯವಹಾರದ ಪಠ್ಯಪುಸ್ತಕ ಹೇಳುವ ಕ್ರಮ ಸರಳ. ಹೆಸರು ಗೊತ್ತಿಲ್ಲದಿದ್ದರೆ ‘ಡಿಯರ್ ಸರ್’ ಎಂದು ಶುರುಮಾಡಿ ‘ಯುವರ್ಸ್ ಫೇತ್‌ಫುಲಿ’ ಎಂದು ಮುಗಿಸಬೇಕು. ಹೆಸರು ಗೊತ್ತಿದ್ದರೆ ‘ಮಿಸ್ಟರ್’ ಅಥವಾ ‘ಮಿಸ್’ ಜತೆಗೆ ಮನೆತನದ ಹೆಸರು ಸೇರಿಸಿ ‘ಯುವರ್ಸ್ ಸಿನ್ಸಿಯರ್ಲಿ’ ಎಂದು ಮುಗಿಸಬೇಕು. ಸಲುಗೆ ಬೆಳೆದ ಮೇಲೆ ಮೊದಲ ಹೆಸರು.

ಈ ಎರಡನೇ ಮೆಟ್ಟಿಲು ನಮ್ಮಲ್ಲಿ ಬಹಳ ಕಡೆ ನಿಲ್ಲುವುದಿಲ್ಲ. ಹೆಚ್. ಆರ್. ಸುರೇಶ್ ಎಂಬವರು ಕ್ಲೈಂಟ್ ಎಂದಿಟ್ಟುಕೊಳ್ಳೋಣ. ಹಳೇ ಮೈಸೂರು ಸೀಮೆಯ ಪದ್ಧತಿಯಂತೆ ‘ಹೆಚ್’ ಊರು, ‘ಆರ್’ ತಂದೆ ರಾಮಚಂದ್ರ, ಸುರೇಶ್ ಅವರ ಸ್ವಂತ ಹೆಸರು. ಇಲ್ಲಿ ಮನೆತನದ ಹೆಸರೇ ಇಲ್ಲ. ಮೊದಲ ಹೆಸರು, ಕೊನೆಯ ಹೆಸರು ಎಂದು ಎರಡೇ ಖಾನೆ ಇಟ್ಟುಕೊಂಡ ತಂತ್ರಾಂಶ ಈ ಹೆಸರನ್ನು ನುಂಗಿ ‘ಡಿಯರ್ ಹೆಚ್’ ಎಂದು ಮೇಲ್ ಕಳಿಸಿಬಿಡಬಹುದು. ಪಾಸ್‌ಪೋರ್ಟಿಗಾಗಿ ಹೆಸರನ್ನು ಸುರೇಶ್ ರಾಮಚಂದ್ರ ಎಂದು ಬಿಡಿಸಿಕೊಂಡಿದ್ದರೆ ‘ಡಿಯರ್ ಮಿಸ್ಟರ್ ರಾಮಚಂದ್ರ’ ಎಂಬ ಮೇಲ್ ಅವರ ತಂದೆಯ ಹೆಸರಿಗೆ ಹೋಗುತ್ತದೆ. ಹೆಸರಿನ ಮುಂದೆ ಗಂಡನ ಅಥವಾ ತಂದೆಯ ಹೆಸರು ಹಚ್ಚಿಕೊಂಡ ಹೆಣ್ಣುಮಕ್ಕಳಿಗೆ ಈ ತೊಂದರೆ ಇನ್ನೂ ಹೆಚ್ಚು.

‘ಸುರೇಶ್ ಸರ್’ ಎಂಬ ರೂಪ ಈ ತೊಡಕನ್ನು ದಾಟಿಸುತ್ತದೆ. ಸ್ವಂತ ಹೆಸರನ್ನೂ ಹೇಳಿದಂತಾಯಿತು, ಬರಿ ಹೆಸರು ಹಿಡಿದು ಕರೆಯಲಿಲ್ಲ ಎಂದೂ ಆಯಿತು. ಹುಬ್ಬಳ್ಳಿ, ಬೆಳಗಾವಿ ಕಡೆ ಮನೆತನದ ಹೆಸರು ಬಳಕೆಯಲ್ಲಿರುವುದರಿಂದ ಅಲ್ಲಿ ‘ಪಾಟೀಲ್ ಸರ್’, ‘ಕುಲಕರ್ಣಿ ಸರ್’ ಸಹಜ. ಯಾವುದನ್ನು ಬಳಸಬೇಕೆಂದು ತಿಳಿಯುವ ದಾರಿ, ಅವರ ಕಚೇರಿಯವರೇ ಫೋನಿನಲ್ಲಿ ಅವರನ್ನು ಏನೆಂದು ಕರೆಯುತ್ತಾರೆ ಎಂದು ಕಿವಿಗೊಡುವುದು. “ಪಾಟೀಲ್ ಸರ್ ಮೀಟಿಂಗ್‌ನಲ್ಲಿದ್ದಾರೆ” ಎಂದು ಆಚೆಯಿಂದ ಬಂದರೆ ಮೇಲ್‌ನ ಮೊದಲ ಸಾಲು ಸಿಕ್ಕಿತು.

ಇದೇ ಜಾಗದಲ್ಲಿ ಕೆಲವರು ‘ರೆಸ್ಪೆಕ್ಟೆಡ್ ಸರ್’ ಎಂದು ಬರೆಯುತ್ತಾರೆ. ಶಾಲೆಯ ರಜಾಚೀಟಿಯಿಂದ, ಕೆಲಸದ ಅರ್ಜಿಯಿಂದ ಬಂದ ರೂಢಿ ಅದು. ಅರ್ಜಿ ಹಾಕುವವರಿಗೆ ಸರಿಯೇ. ಆದರೆ ಕೆಲಸಕ್ಕೆ ಬೆಲೆ ಹೇಳಿ ಕ್ವೊಟೇಶನ್ ಕಳಿಸುವವರು ಅರ್ಜಿದಾರರಲ್ಲ. ಅಲ್ಲಿ ‘ಡಿಯರ್ ಸುರೇಶ್ ಸರ್’ ಎನ್ನುವುದೇ ಇಬ್ಬರಿಗೂ ತಕ್ಕ ಮರ್ಯಾದೆ.

ಒಂದು ಕಾರ್ಖಾನೆ, ಮೂವರು ಓದುಗರು

ಈಗ ಈ ಸುರೇಶ್ ಅವರದು ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ತಯಾರಿಸುವ ಕಾರ್ಖಾನೆ ಎಂದಿಟ್ಟುಕೊಳ್ಳೋಣ. ಅವರಿಗೆ ಅರವತ್ತರ ಹತ್ತಿರ. ಮಗಳು ಅನಿತಾ ಹೊರದೇಶದಲ್ಲಿ ಓದಿ ಬಂದು ಖರೀದಿ ಮತ್ತು ದಾಸ್ತಾನಿನ ಜವಾಬ್ದಾರಿ ಹೊತ್ತಿದ್ದಾರೆ. ಲೆಕ್ಕ ನೋಡುವವರು ಮಂಜುನಾಥ್, ಕಾರ್ಖಾನೆಯ ಹಳಬರು. ಈ ಕಾರ್ಖಾನೆಗೆ ದಾಸ್ತಾನಿನ ತಂತ್ರಾಂಶ ಮಾಡಿಕೊಡುತ್ತಿರುವ ಸಣ್ಣ ಕಂಪನಿಯಲ್ಲಿ ಮೇಲ್ ಬರೆಯುವ ಕೆಲಸ ಮೂವತ್ತರ ಆಸುಪಾಸಿನ ಪೂಜಾ ಅವರದು.

ಪೂಜಾ ಮೊದಲ ಮೇಲ್ ಬರೆದದ್ದು ‘ಡಿಯರ್ ಸುರೇಶ್ ಸರ್’ ಎಂದು. ಉತ್ತರ ಬಂತು: “ಹಾಯ್ ಪೂಜಾ, ಕ್ವೊಟೇಶನ್ ಕಳಿಸಿ. ಸುರೇಶ್.” ಅದೇ ವಾರ ಅನಿತಾ ಅವರಿಂದಲೂ ಒಂದು ಮೇಲ್: “ಹಾಯ್ ಪೂಜಾ, ಬಾರ್‌ಕೋಡ್ ಬಗ್ಗೆ ಎರಡು ಪ್ರಶ್ನೆ ಇದೆ. ಅನಿತಾ.”

ಎರಡೂ ಮೇಲ್ ನೋಡಲು ಒಂದೇ ತರಹ ಇವೆ. ಅಮೆರಿಕದ ಕ್ಲೈಂಟ್ ಹೀಗೆ ಬರೆದು ಮೊದಲ ಹೆಸರಿನಿಂದ ಸಹಿ ಮಾಡಿದ್ದರೆ, ತನ್ನನ್ನೂ ಹಾಗೇ ಕರೆಯಿರಿ ಎಂದು ಹೇಳಿದಂತೆ. ಅನಿತಾ ಅವರ ವಿಷಯದಲ್ಲೂ ಅದು ನಿಜ. ವಯಸ್ಸು ಹೆಚ್ಚುಕಡಿಮೆ ಒಂದೇ, ಕೆಲಸ ಮಾಡುತ್ತಿರುವುದು ನೇರವಾಗಿ ಒಟ್ಟಿಗೆ, ಅವರು ಹೆಸರು ಹಿಡಿದು ಕರೆದು ಬರಿ ಹೆಸರಿನಲ್ಲಿ ಸಹಿ ಮಾಡಿದ್ದಾರೆ. ಮುಂದಿನ ಮೇಲ್‌ನಲ್ಲಿ ಪೂಜಾ ‘ಹಾಯ್ ಅನಿತಾ’ ಎಂದರೆ ಅದು ಸರಿಯಾದ ಉತ್ತರ. ಅಲ್ಲಿಯೂ ‘ಮೇಡಂ’ ಎಂದೇ ಹಿಡಿದು ಕೂತರೆ ಅವರು ಚಾಚಿದ ಕೈಯನ್ನು ನೋಡದಂತೆ ಆಗುತ್ತದೆ.

ಸುರೇಶ್ ಅವರ ಸಹಿಗೆ ಆ ಅರ್ಥವಿಲ್ಲ. ಅವರು ಪೂಜಾಳನ್ನು ಹೆಸರಿನಿಂದ ಕರೆದದ್ದು ಹಿರಿಯರು ಕಿರಿಯರನ್ನು ಕರೆಯುವ ರೀತಿಯಲ್ಲಿ. ಬರಿ ‘ಸುರೇಶ್’ ಎಂದು ಮುಗಿಸಿದ್ದು ಮೊಬೈಲಿನಲ್ಲಿ ಬೇಗ ಟೈಪ್ ಮಾಡಿದ್ದರಿಂದ. ನಮ್ಮಲ್ಲಿ ಹೆಸರಿನ ಬಳಕೆ ಎರಡೂ ದಿಕ್ಕಿಗೆ ಸಮನಾಗಿ ಹರಿಯಲೇಬೇಕೆಂದಿಲ್ಲ. ಹತ್ತಿಪ್ಪತ್ತು ವರ್ಷ ಹಿರಿಯರಾದವರು ನಮ್ಮನ್ನು ಹೆಸರು ಹಿಡಿದು ಕರೆದದ್ದೇ ಅನುಮತಿ ಎಂದು ತಿಳಿದರೆ ಅಲ್ಲಿಗೆ ಎಡವಿದೆವು. ವಯಸ್ಸಿನ ಅಂತರ ಇಲ್ಲದ ಕಡೆ ಸಹಿಯನ್ನು ನಂಬಬಹುದು; ಅಂತರ ಇದ್ದಲ್ಲಿ ಬಾಯಿಬಿಟ್ಟು ಹೇಳಿದ ಮಾತು ಬೇಕು.

“ಸರ್ ಎಲ್ಲಾ ಬೇಡಮ್ಮ” ಎಂದು ಅವರು ಫೋನಿನಲ್ಲಿ ಒಮ್ಮೆ ನಗುತ್ತಾ ಹೇಳಿದರೆ? ಅದು ಸೌಜನ್ಯದ ಮಾತೂ ಇರಬಹುದು. ಇನ್ನೊಮ್ಮೆ ಹೇಳಿದರೆ, ಅಥವಾ ಮೇಲ್‌ನಲ್ಲಿಯೇ ಬರೆದರೆ, ಅದನ್ನು ನಂಬಿ ಬಿಡಬೇಕು. ಅಲ್ಲಿಯವರೆಗೆ ನಡುವಿನ ದಾರಿಯೊಂದಿದೆ. ಕನ್ನಡ ಬಲ್ಲ ಕ್ಲೈಂಟ್‌ಗೆ ಕನ್ನಡದಲ್ಲಿಯೇ ಮೇಲ್ ಬರೆದರೆ ‘ಸುರೇಶ್ ಅವರೇ, ನಮಸ್ಕಾರ’ ಎನ್ನಬಹುದು. ಅದರಲ್ಲಿ ಬಹುವಚನದ ಗೌರವವೂ ಇದೆ, ‘ಸರ್’ ಇಲ್ಲದಿರುವುದು ಕೊರತೆಯಾಗಿ ಕಾಣುವುದೂ ಇಲ್ಲ.

ಸದ್ದಿಲ್ಲದೆ ಬಿಡುವ ಬಗೆ

‘ಸರ್’ ಬಿಡುವುದು ಎಂದರೆ ಅದರ ಜಾಗದಲ್ಲಿ ಬರಿ ಹೆಸರು ತಂದು ಕೂರಿಸುವುದು ಎಂದೇ ಹಲವರು ಭಾವಿಸುತ್ತಾರೆ. ಅದಕ್ಕಿಂತ ಸುಲಭವಾದ ಕ್ರಮವಿದೆ: ಸಂಬೋಧನೆಯನ್ನೇ ಬಿಡುವುದು. ಬೆಳಿಗ್ಗೆ ಹತ್ತು ಗಂಟೆಗೆ ‘ಡಿಯರ್ ಸುರೇಶ್ ಸರ್’ ಎಂದು ಮೇಲ್ ಹೋಗಿದೆ. ಹತ್ತೂವರೆಗೆ ಅವರ ಪ್ರಶ್ನೆ ಬಂದಿದೆ. ಅದಕ್ಕೆ ನೇರವಾಗಿ “ಹೌದು, ಎರಡೂ ಗೋಡೌನಿನ ಲೆಕ್ಕ ಒಂದೇ ಪುಟದಲ್ಲಿ ಬರುತ್ತದೆ” ಎಂದು ಉತ್ತರಿಸಬಹುದು. ಒಂದೇ ದಿನ ಹಿಂದುಮುಂದಾಗಿ ಹೋಗುವ ಮೇಲ್‌ಗಳಲ್ಲಿ ಸಂಬೋಧನೆ ಇಲ್ಲದಿರುವುದನ್ನು ಯಾರೂ ತಪ್ಪು ತಿಳಿಯುವುದಿಲ್ಲ.

ಮೂರು ಸಂದರ್ಭಗಳಲ್ಲಿ ಮತ್ತೆ ಪೂರ್ತಿ ರೂಪಕ್ಕೆ ಮರಳಬೇಕು: ಹೊಸ ವಿಷಯದ ಮೇಲ್ ಶುರುವಾದಾಗ, ಕೆಲವು ದಿನ ಮೌನವಿದ್ದು ಮತ್ತೆ ಬರೆಯುವಾಗ, ಹೊಸಬರೊಬ್ಬರು ಸಿಸಿಯಲ್ಲಿ ಸೇರಿದಾಗ. ಹಾಗೆಯೇ ಮಾತು ಮತ್ತು ಬರಹ ಒಟ್ಟಿಗೇ ಬದಲಾಗಬೇಕೆಂದೂ ಇಲ್ಲ. ಮೇಲ್‌ನಲ್ಲಿ ‘ಹಾಯ್ ಅನಿತಾ’ ಎಂದು ಬರೆಯುವವರು ಫೋನಿನಲ್ಲಿ ‘ಮೇಡಂ’ ಎನ್ನುವುದು ಬೆಂಗಳೂರಿನಲ್ಲಿ ಮಾಮೂಲು. ಅದನ್ನು ತಿದ್ದಬೇಕಾಗಿಲ್ಲ, ಎರಡೂ ತಮ್ಮ ತಮ್ಮ ವೇಗದಲ್ಲಿ ಹೊಂದಿಕೊಳ್ಳುತ್ತವೆ.

ಅವಸರದಲ್ಲಿ ಬಿಟ್ಟುಬಿಟ್ಟಿದ್ದೇವೆ ಎಂಬುದು ಗೊತ್ತಾಗುವುದು ಹೇಗೆ? ಕ್ಲೈಂಟ್ ಅದನ್ನು ಹೇಳುವುದಿಲ್ಲ. ಅವರ ಬರವಣಿಗೆ ಹೇಳುತ್ತದೆ. ನಿನ್ನೆಯವರೆಗೆ ‘ಹಾಯ್ ಪೂಜಾ’ ಎನ್ನುತ್ತಿದ್ದವರು ಇಂದು ‘ಡಿಯರ್ ಮೇಡಂ’ ಎಂದು ಬರೆಯುತ್ತಾರೆ. ಪೂರ್ತಿ ಹೆಸರು, ಹುದ್ದೆ ಹಾಕಿ ಸಹಿ ಮಾಡುತ್ತಾರೆ. ಅಥವಾ ಉತ್ತರವನ್ನು ತಾವು ಬರೆಯದೆ ಮಂಜುನಾಥ್ ಅವರಿಂದ ಬರೆಸುತ್ತಾರೆ. ಒಂದೇ ಬಾರಿ ಹೀಗಾದರೆ ಕಾರಣ ಬೇರೆ ಇರಬಹುದು. ಸತತವಾಗಿ ಹೀಗಾದರೆ ಅದು ಹಿಂದೆ ಸರಿದ ಗುರುತು. ಆಗ ಕ್ಷಮೆ ಕೇಳಿ ವಿಷಯ ದೊಡ್ಡದು ಮಾಡಬೇಕಿಲ್ಲ. ಮುಂದಿನ ಮೇಲ್‌ನಲ್ಲಿ ‘ಸುರೇಶ್ ಸರ್’ ಮರಳಿ ಬಂದರೆ ಸಾಕು.

‘ಮೇಡಂ’ ಎಲ್ಲಿ ಜಾರಿಹೋಗುತ್ತದೆ

ಗಂಡಸರಿಗೆ ‘ಸರ್’ ತಾನಾಗಿ ಬೆರಳಿಗೆ ಬರುತ್ತದೆ, ಹೆಣ್ಣುಮಕ್ಕಳಿಗೆ ‘ಮೇಡಂ’ ಅಷ್ಟು ಸಲೀಸಾಗಿ ಬರುವುದಿಲ್ಲ. ನಾನು ಈ ವಿಷಯದಲ್ಲಿ ಎಲ್ಲಕ್ಕಿಂತ ಹೆಚ್ಚು ಎಚ್ಚರ ಬಯಸುವುದು ಇಲ್ಲಿ. ಮೂವರಿಗೂ ಒಂದೇ ಮೇಲ್ ಹೋಗಬೇಕು ಎನ್ನಿ. ಪೂಜಾ ತನಗಿರುವ ಸಲುಗೆಯಂತೆ ಪ್ರಾಮಾಣಿಕವಾಗಿ ‘ಡಿಯರ್ ಸುರೇಶ್ ಸರ್, ಮಂಜುನಾಥ್ ಸರ್, ಅನಿತಾ’ ಎಂದು ಬರೆಯುತ್ತಾಳೆ. ಒಬ್ಬೊಬ್ಬರನ್ನೇ ನೋಡಿದರೆ ಮೂರೂ ಸರಿ. ಒಂದೇ ಸಾಲಿನಲ್ಲಿ ಇಟ್ಟಾಗ ಮಾತ್ರ ಇಬ್ಬರು ಗಂಡಸರು ಮೇಲೆ, ಹೆಣ್ಣುಮಗಳು ಕೆಳಗೆ ಕಾಣುತ್ತಾರೆ. ಮಂಜುನಾಥ್ ಅನಿತಾ ಅವರಿಗೆ ವರದಿ ಒಪ್ಪಿಸುವವರು, ಅವರನ್ನು ‘ಮೇಡಂ’ ಎಂದೇ ಕರೆಯುವವರು. ಹೊರಗಿನ ಕಂಪನಿಯವರೊಬ್ಬರು ಅವರ ಮುಂದೆಯೇ ಬರಿ ಹೆಸರಿನಿಂದ ಕರೆದರೆ ಕಾರ್ಖಾನೆಯೊಳಗೆ ಅನಿತಾ ಅವರ ಮಾತಿನ ತೂಕ ತುಸು ಇಳಿದಂತೆಯೇ.

ಇದಕ್ಕೆ ಪರಿಹಾರ ಎರಡೇ. ಎಲ್ಲರಿಗೂ ಕೊಡಬೇಕು, ಇಲ್ಲವೇ ಯಾರಿಗೂ ಕೊಡಬಾರದು. ‘ಸುರೇಶ್ ಸರ್, ಅನಿತಾ ಮೇಡಂ, ಮಂಜುನಾಥ್ ಸರ್’ ಎಂಬುದು ಒಂದು. ‘ಎಲ್ಲರಿಗೂ ನಮಸ್ಕಾರ’ ಎಂಬುದು ಇನ್ನೊಂದು. ಅನಿತಾ ಅವರೊಬ್ಬರಿಗೇ ಬರೆಯುವಾಗ ‘ಹಾಯ್ ಅನಿತಾ’ ಮತ್ತೆ ಬರಲಿ. ಹೆಸರುಗಳನ್ನು ವಯಸ್ಸಿನಂತಲ್ಲದೆ ಹೊಣೆಯಂತೆ ಜೋಡಿಸುವುದೂ ಒಳ್ಳೆಯದು.

ಹೆಸರಿನಿಂದ ಹೆಣ್ಣೋ ಗಂಡೋ ಗೊತ್ತಾಗದಿರುವುದೂ ಉಂಟು. ಕಿರಣ್, ಸುಮನ್, ಶಶಿ ಇಂಥ ಹೆಸರುಗಳು. ‘ಡಿಯರ್ ಸರ್/ಮೇಡಂ’ ಎಂದು ಓರೆಗೆರೆ ಹಾಕಿ ಬರೆದರೆ ಅದು ನೂರಾರು ಜನರಿಗೆ ಒಟ್ಟಿಗೆ ಕಳಿಸಿದ ಪ್ರಕಟಣೆಯಂತೆ ಕಾಣುತ್ತದೆ, ಓದದೆ ಅಳಿಸಿಹಾಕುವವರೇ ಹೆಚ್ಚು. ಊಹಿಸಿ ‘ಸರ್’ ಎಂದು ಬರೆಯುವುದು ಇನ್ನೂ ಕೆಟ್ಟದ್ದು. ‘ಡಿಯರ್ ಕಿರಣ್ ಹೆಗಡೆ’ ಎಂದು ಪೂರ್ತಿ ಹೆಸರು ಬರೆಯುವುದು ಕ್ಷೇಮ. ಕನ್ನಡದಲ್ಲಾದರೆ ‘ಮಾನ್ಯರೇ’ ಇದೆ, ‘ಕಿರಣ್ ಅವರೇ’ ಇದೆ. ಎರಡೂ ಎಲ್ಲರಿಗೂ ಸಲ್ಲುತ್ತವೆ. ಫೋನಿನಲ್ಲಿ ಒಮ್ಮೆ ಮಾತಾಡಿದ ಮೇಲೆ ಸರಿಯಾದ ರೂಪಕ್ಕೆ ಬರಬಹುದು.

‘ಆಗುವುದಿಲ್ಲ’ ಎಂದು ಬರೆಯುವಾಗ

‘ಸರ್’ ನಿಜವಾಗಿ ತೊಂದರೆ ಕೊಡುವುದು ಕಹಿ ಸುದ್ದಿಯ ಮೇಲ್‌ನಲ್ಲಿ. ದಾಸ್ತಾನಿನ ವರದಿ 15ನೇ ತಾರೀಖಿಗೆ ಕೊಡುವುದಾಗಿ ಪೂಜಾ ಮಾತು ಕೊಟ್ಟಿದ್ದಳು, ಆಗುತ್ತಿಲ್ಲ. ಮೊದಲು ಬೆರಳಿಗೆ ಬಂದ ಕರಡು ಇದು:

“ಸರ್, ಸ್ವಲ್ಪ ತಡವಾಗ್ತಿದೆ ಸರ್. ನಮ್ಮ ಕಡೆಯಿಂದ ಪೂರ್ತಿ ಪ್ರಯತ್ನ ಮಾಡ್ತಿದ್ದೇವೆ ಸರ್. ಆದಷ್ಟು ಬೇಗ ಕೊಡ್ತೇವೆ ಸರ್.”

ಇದನ್ನು ಓದಿದ ಸುರೇಶ್ ಅವರಿಗೆ ಯಾವ ಮಾಹಿತಿಯೂ ಸಿಗಲಿಲ್ಲ. ಎಷ್ಟು ತಡ, ಏಕೆ ತಡ, ಅಲ್ಲಿಯವರೆಗೆ ಏನು ಮಾಡಬೇಕು ಎಂಬ ಮೂರೂ ಪ್ರಶ್ನೆ ಹಾಗೇ ಉಳಿದವು. ತಾರೀಖು ಇರಬೇಕಾದ ಜಾಗದಲ್ಲಿ ‘ಸರ್’ ಕೂತಿದೆ. ಬರೆದವಳಿಗೆ ವಿನಯದಿಂದ ಹೇಳಿದ ನೆಮ್ಮದಿ, ಓದಿದವರಿಗೆ ಏನನ್ನೋ ಮುಚ್ಚಿಡುತ್ತಿದ್ದಾರೆಂಬ ಅನುಮಾನ. ಎರಡನೇ ಕರಡು ಹೀಗಾಯಿತು:

“ಡಿಯರ್ ಸುರೇಶ್ ಸರ್, ದಾಸ್ತಾನಿನ ವರದಿ 15ಕ್ಕೆ ಸಿದ್ಧವಾಗುವುದಿಲ್ಲ, 29ಕ್ಕೆ ಕೊಡುತ್ತೇವೆ. ಹಳೆಯ ಎಕ್ಸೆಲ್ ಕಡತದಲ್ಲಿ ಒಂದೇ ಬಿಡಿಭಾಗಕ್ಕೆ ಎರಡು ಸಂಖ್ಯೆ ಇರುವುದು ಈಗ ಗೊತ್ತಾಗಿದೆ, ಅದನ್ನು ಸರಿಪಡಿಸದೆ ಮುಂದೆ ಹೋದರೆ ಲೆಕ್ಕ ತಪ್ಪುತ್ತದೆ. ಅಲ್ಲಿಯವರೆಗೆ ಈಗಿನ ಎಕ್ಸೆಲ್ ಕಡತವನ್ನೇ ಬಳಸಬೇಕಾಗುತ್ತದೆ. ತಡವಾದದ್ದಕ್ಕೆ ವಿಷಾದವಿದೆ.”

ಒಂದೇ ‘ಸರ್’, ಮೊದಲ ಸಾಲಿನಲ್ಲಿ. ಉಳಿದದ್ದೆಲ್ಲ ಅವರಿಗೆ ಬೇಕಾದ ವಿಷಯ. ಬಾಕಿ ಹಣ ಕೇಳುವ ಮೇಲ್‌ಗೂ ಇದೇ ಕ್ರಮ: ಮೇಲೆ ಒಂದು ‘ಮಂಜುನಾಥ್ ಸರ್’, ಆಮೇಲೆ ಬಿಲ್ ಸಂಖ್ಯೆ, ತಾರೀಖು, ಮೊತ್ತ, ಒಪ್ಪಿಕೊಂಡ ಗಡುವು. ಸಾಲಿಗೊಂದು ‘ಸರ್’ ಸೇರಿಸಿದರೆ ನ್ಯಾಯವಾಗಿ ಬರಬೇಕಾದ ಹಣ ದಯೆಯಿಂದ ಬರುವ ಹಣದಂತೆ ಕೇಳಿಸುತ್ತದೆ. ಇದಕ್ಕೆ ವಿರುದ್ಧವಾಗಿ, ಮುನಿಸಿನಿಂದ ಇದ್ದಕ್ಕಿದ್ದಂತೆ ‘ಸರ್’ ತೆಗೆದು ಬರಿ ‘ಮಂಜುನಾಥ್’ ಎಂದು ಶುರುಮಾಡಬಾರದು. ಅಂಥ ಮೇಲ್‌ನಲ್ಲಿ ಮೊತ್ತಕ್ಕಿಂತ ಮೊದಲು ಕಣ್ಣಿಗೆ ಬೀಳುವುದು ಆ ಬಿಟ್ಟ ಪದವೇ, ಮಾತು ಹಣ ಬಿಟ್ಟು ಬೇರೆಡೆಗೆ ಹೋಗುತ್ತದೆ. ಸಲುಗೆ ಹೆಚ್ಚಿಸಿಕೊಳ್ಳಲು ಶಾಂತವಾದ ದಿನಗಳೇ ಸರಿ.

ಹುದ್ದೆಗೆ ಬರೆಯುವಾಗ

ಸರ್ಕಾರಿ ಇಲಾಖೆ, ಸಾರ್ವಜನಿಕ ಉದ್ದಿಮೆ, ಬ್ಯಾಂಕು ಕ್ಲೈಂಟ್ ಆಗಿದ್ದರೆ ಬಿಡುವ ಪ್ರಶ್ನೆಯೇ ಬರುವುದಿಲ್ಲ. ಅಲ್ಲಿ ಮೇಲ್ ಹೋಗುವುದು ಹುದ್ದೆಗೆ, ವ್ಯಕ್ತಿಗಲ್ಲ. ಅದರ ಪ್ರತಿ ಕಡತಕ್ಕೆ ಸೇರುತ್ತದೆ, ಅಧಿಕಾರಿ ವರ್ಗವಾಗುತ್ತಾರೆ, ಮುಂದೆ ಬಂದವರು ಅದನ್ನು ಓದುತ್ತಾರೆ, ಲೆಕ್ಕಪರಿಶೋಧಕರೂ ಓದಬಹುದು. ಇವರಿಗೆ, ಮಾನ್ಯರೇ, ವಿಷಯ, ಉಲ್ಲೇಖ, ತಮ್ಮ ವಿಶ್ವಾಸಿ ಎಂಬ ಕನ್ನಡ ಪತ್ರದ ಚೌಕಟ್ಟು ಇರುವುದು ಇದೇ ಕಾರಣಕ್ಕೆ. ಅಧಿಕಾರಿ ಫೋನಿನಲ್ಲಿ ಎಷ್ಟೇ ಆತ್ಮೀಯರಾಗಿದ್ದರೂ ಆ ಆತ್ಮೀಯತೆ ಕಡತದಲ್ಲಿ ಕಾಣಿಸಿಕೊಂಡರೆ ಮುಜುಗರ ಅವರಿಗೇ. ಅಲ್ಲಿ ‘ಸರ್’ ಉಳಿಸುವುದು ಅವರನ್ನು ಕಾಪಾಡಿದಂತೆ.

ಮೊದಲ ಹೆಜ್ಜೆ ಯಾರದು

ಈ ಎಲ್ಲ ಸಂದರ್ಭಗಳ ಹಿಂದೆ ಒಂದೇ ನಿಯಮ ಕೆಲಸ ಮಾಡುತ್ತಿದೆ: ಗೌರವ ಪಡೆಯುವವರು ಬಿಟ್ಟುಕೊಡಬೇಕು, ಕೊಡುವವರು ಕಸಿದುಕೊಳ್ಳಬಾರದು. ನಮ್ಮ ಸಾರ್ವಜನಿಕ ಬದುಕಿನಲ್ಲೂ ಇದು ಹೀಗೇ ನಡೆದಿದೆ. ಭಾರತೀಯ ವಕೀಲರ ಪರಿಷತ್ತು 2006ರಲ್ಲಿ ಸಂಬೋಧನೆಯ ನಿಯಮ ತಂದು, ಉಚ್ಚ ಮತ್ತು ಸರ್ವೋಚ್ಚ ನ್ಯಾಯಾಲಯಗಳಲ್ಲಿ ‘ಯುವರ್ ಆನರ್’, ಕೆಳಗಿನ ನ್ಯಾಯಾಲಯಗಳಲ್ಲಿ ‘ಸರ್’ ಅಥವಾ ಪ್ರಾದೇಶಿಕ ಭಾಷೆಯ ಸಮಾನ ಪದ ಸಾಕು ಎಂದಿತು. ಆದರೂ ‘ಮೈ ಲಾರ್ಡ್’ ಎನ್ನುವ ರೂಢಿ ಬಹುಕಾಲ ಉಳಿಯಿತು. 2021ರಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಪಿ. ಕೃಷ್ಣ ಭಟ್ ಅವರು ತಮ್ಮನ್ನು ‘ಸರ್’ ಎಂದರೆ ಸಾಕೆಂದೂ ನ್ಯಾಯಮೂರ್ತಿ ಜ್ಯೋತಿ ಮೂಲಿಮನಿ ಅವರು ‘ಮ್ಯಾಮ್’ ಎಂದರೆ ಸಾಕೆಂದೂ ವಕೀಲರಿಗೆ ತಾವೇ ಹೇಳಿದರು. ಅದೇ ವರ್ಷ ಕೇರಳದ ಪಾಲಕ್ಕಾಡ್ ಜಿಲ್ಲೆಯ ಮಾತ್ತೂರು ಗ್ರಾಮ ಪಂಚಾಯಿತಿ, ತನ್ನ ಕಚೇರಿಗೆ ಬರುವವರು ಯಾರನ್ನೂ ‘ಸರ್’, ‘ಮೇಡಂ’ ಎನ್ನಬೇಕಿಲ್ಲ, ಹೆಸರಿನಿಂದ ಅಥವಾ ಹುದ್ದೆಯಿಂದ ಕರೆಯಬಹುದು ಎಂದು ನಿರ್ಣಯ ಮಾಡಿತು. ವಕೀಲರದೇ ಪರಿಷತ್ತಿನ ನಿಯಮದಿಂದ ಬದಲಾಗದ ರೂಢಿಯಲ್ಲಿ ನ್ಯಾಯಮೂರ್ತಿಗಳು, ಪಂಚಾಯಿತಿಯಲ್ಲಿ ಕಚೇರಿಯವರು, ಹೀಗೆ ನಡೆ ಇಟ್ಟದ್ದು ಅಧಿಕಾರ ಇದ್ದ ಕಡೆಯವರು.

ಹಾಗಾಗಿ ಮೇಲ್ ಬರೆಯುವವರ ಕೆಲಸ ಗಮನವಿಟ್ಟು ಓದುವುದು: ಎದುರಿನವರು ಬಿಟ್ಟುಕೊಟ್ಟಿದ್ದಾರೆಯೇ, ಇಲ್ಲವೇ. ಮೇಲ್ ಪಡೆಯುವವರಿಗೂ ಒಂದು ಕೆಲಸವಿದೆ. ನೀವು ಕ್ಲೈಂಟ್ ಆಗಿದ್ದು, ನಿಮ್ಮ ಜತೆ ಕೆಲಸ ಮಾಡುವ ಕಿರಿಯರ ಮೇಲ್‌ಗಳಲ್ಲಿ ತಾರೀಖಿಗಿಂತ ‘ಸರ್’ ಹೆಚ್ಚಿದ್ದರೆ, ಒಂದು ಸಾಲು ಬರೆದು ಕಳಿಸಿ: “ನನ್ನನ್ನು ಹೆಸರಿನಿಂದ ಕರೆದರೆ ನನಗೆ ಸಂತೋಷ; ತಡವಾದರೆ ಎಷ್ಟು ದಿನ ಎಂದು ನೇರವಾಗಿ ತಿಳಿಸಿ.” ಅವರು ಊಹಿಸುತ್ತಾ ಕೂರುವುದು ತಪ್ಪುತ್ತದೆ, ನಿಮಗೆ ಸುದ್ದಿ ಬೇಗ ತಲುಪುತ್ತದೆ. ಈ ಸಾಲನ್ನು ಬರೆಯುವ ಹಕ್ಕು ನಿಮಗಲ್ಲದೆ ಬೇರೆ ಯಾರಿಗೂ ಇಲ್ಲ.